ನೂರರಲ್ಲಿ ಹತ್ತು ಕೊಟ್ಟರೆ ‘ಬೇಡ’ ಅನ್ನುವವನು ದಡ್ಡನಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆಯ ವರ್ಷ, ಅರ್ಥಶಾಸ್ತ್ರ. ಮೊನ್ನೆ ಕ್ಲಾಸಿನಲ್ಲಿ ಅಲ್ಟಿಮೇಟಮ್ ಆಟದ ಬಗ್ಗೆ ಹೇಳಿದರು. ಇಬ್ಬರು ಇರುತ್ತಾರೆ. ಒಬ್ಬನ ಕೈಗೆ ₹100 ಕೊಟ್ಟು ‘ಇದನ್ನು ಹಂಚು’ ಅನ್ನುತ್ತಾರೆ. ಅವನು ಇನ್ನೊಬ್ಬನಿಗೆ ಎಷ್ಟು ಬೇಕಾದರೂ ಕೊಡುತ್ತೇನೆ ಅನ್ನಬಹುದು. ಇನ್ನೊಬ್ಬ ‘ಆಯ್ತು’ ಅಂದರೆ ಹೇಳಿದಂತೆ ಹಂಚಿಕೆ. ‘ಬೇಡ’ ಅಂದರೆ ಇಬ್ಬರಿಗೂ ಸೊನ್ನೆ. ಆಟ ಅಲ್ಲಿಗೆ ಮುಗಿಯಿತು.

ಪುಸ್ತಕದ ಪ್ರಕಾರ ಎರಡನೆಯವನು ಒಂದು ರೂಪಾಯಿ ಕೊಟ್ಟರೂ ತಗೋಬೇಕು, ಸೊನ್ನೆಗಿಂತ ಒಂದು ಜಾಸ್ತಿ ಅಲ್ವಾ. ಹಾಸ್ಟೆಲಿನಲ್ಲಿ ಸುಮ್ನೆ ಆಡಿ ನೋಡಿದೆವು. ನನ್ನ ರೂಮ್‌ಮೇಟ್ ₹10 ಬಂದಾಗ ‘ನೀನೇ ಇಟ್ಕೋ’ ಅಂತ ಬಿಟ್ಟ. ಇಟ್ಟುಕೊಳ್ಳುವುದಕ್ಕೂ ಆಗಲಿಲ್ಲ, ಇಬ್ಬರಿಗೂ ಹೋಯಿತು! ಅವನಿಗೆ ಲೆಕ್ಕ ಬರುವುದಿಲ್ಲ ಅನ್ನಬೇಕಾ, ಅಥವಾ ಪುಸ್ತಕದಲ್ಲೇ ಏನೋ ತಪ್ಪಿದೆಯಾ? ಪರೀಕ್ಷೆಗೆ ಈ ಪ್ರಶ್ನೆ ಬರುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಿದ್ದಾರೆ.

ರಾಶಿ ಇಡಿ (ತೀರ್ಥಹಳ್ಳಿ)

ಇದಕ್ಕೆ ಪುಸ್ತಕ ಯಾಕೆ ಬೇಕು ಮಾರಾಯ. ಚೇಣಿ ಕೇಳಲು ಬರುವವನು ಮೊದಲು ಕಮ್ಮಿ ರೇಟೇ ಹೇಳುವುದು. ನಾವು ‘ಆಗಲ್ಲ, ಹೋಗು’ ಅನ್ನುತ್ತೇವೆ. ಅವನು ಗೇಟಿನ ತನಕ ಹೋಗಿ ವಾಪಸ್ ಬರುತ್ತಾನೆ, ಸ್ವಲ್ಪ ಏರಿಸುತ್ತಾನೆ. ನಿನ್ನ ರೂಮ್‌ಮೇಟ್ ಮಾಡಿದ್ದೂ ಅದೇ. ಬೇಡ ಅಂದರೆ ತಾನೇ ರೇಟು ಏರುವುದು? ಒಳ್ಳೆಯ ವ್ಯಾಪಾರಿ ಅವನು.

ಮಂಜುಳಾ, ಕೊಪ್ಪ

ರಾಶಿ ಇಡಿಯವರೇ, ಅದು ಚೌಕಾಸಿ. ಅಲ್ಲಿ ‘ಬೇಡ’ ಅನ್ನುವುದರಿಂದ ಲಾಭ ಇದೆ, ಅವನು ಮತ್ತೆ ಬರುತ್ತಾನೆ. ಈ ಆಟದಲ್ಲಿ ಗೇಟಿನಿಂದ ವಾಪಸ್ ಬರುವುದೇ ಇಲ್ಲ. ಒಂದೇ ಮಾತು, ಒಂದೇ ಉತ್ತರ. ‘ಬೇಡ’ ಅಂದವನಿಗೆ ಮುಂದೆ ಏನೂ ಸಿಗುವುದಿಲ್ಲ ಅಂತ ಅವನಿಗೇ ಗೊತ್ತಿರುತ್ತದೆ. ಹಾಗಿದ್ದೂ ಬೇಡ ಅನ್ನುತ್ತಾನೆ. ಅದೇ ವಿಚಿತ್ರ.

ತುಂಗಾತೀರ, ಇದನ್ನು ಮೊದಲು ಮಾಡಿ ನೋಡಿದ್ದು ಜರ್ಮನಿಯ ವರ್ನರ್ ಗ್ಯೂಟ್ ಮತ್ತು ಇಬ್ಬರು ಜೊತೆಗಾರರು. 1982ರಲ್ಲಿ ಅದು ಪ್ರಕಟವಾಯಿತು. ನಾಲ್ಕರಿಂದ ಹತ್ತು ಮಾರ್ಕ್, ಅಂದರೆ ಅಲ್ಲಿನ ಆಗಿನ ದುಡ್ಡು, ಹಂಚುವ ಆಟ. 21 ಜೋಡಿಗಳಲ್ಲಿ 7 ಜನ ಸರಿ ಅರ್ಧ ಕೊಟ್ಟರು. ಸರಾಸರಿ 37 ಪರ್ಸೆಂಟ್. ಒಂದು ವಾರ ಬಿಟ್ಟು ಮತ್ತೆ ಆಡಿಸಿದಾಗ ಕೊಡುವವರು ಸ್ವಲ್ಪ ಬಿಗಿಯಾದರು, 32 ಪರ್ಸೆಂಟ್‌ಗೆ ಇಳಿಯಿತು. ಆದರೂ ಪುಸ್ತಕ ಹೇಳುವ ‘ಒಂದು ಪೈಸೆ’ಯ ಹತ್ತಿರವೂ ಬರಲಿಲ್ಲ. ಆಮೇಲೆ ಎಷ್ಟೋ ದೇಶಗಳಲ್ಲಿ ಆಡಿಸಿದ್ದಾರೆ. ಸಾಮಾನ್ಯವಾಗಿ ನೂರಕ್ಕೆ ನಲವತ್ತರ ಆಸುಪಾಸಿನಲ್ಲಿ ಕೊಡುತ್ತಾರೆ. ಇಪ್ಪತ್ತಕ್ಕಿಂತ ಕಮ್ಮಿ ಕೊಟ್ಟರೆ ಹೆಚ್ಚುಕಮ್ಮಿ ಅರ್ಧ ಜನ ಬೇಡ ಅನ್ನುತ್ತಾರೆ.

ಒಂದು ವಿಷಯ ಗಮನಿಸು. ಎಲ್ಲರೂ ‘ನೋಡಿ, ಜನ ನಲವತ್ತು ಕೊಟ್ಟರು, ಎಷ್ಟು ಒಳ್ಳೆಯವರು’ ಅನ್ನುತ್ತಾರೆ. ಕೊಡುವವನಿಂದ ಸ್ವಾರ್ಥದ ಸಿದ್ಧಾಂತಕ್ಕೆ ಏನೂ ಆಗುವುದಿಲ್ಲ. ಇಪ್ಪತ್ತು ಕೊಟ್ಟರೆ ಅರ್ಧ ಜನ ಬೇಡ ಅನ್ನುತ್ತಾರೆ ಅಂತಿಟ್ಟುಕೋ. ಅವನಿಗೆ ಸಿಗುವುದು ಎಂಬತ್ತರ ಅರ್ಧ, ಸರಾಸರಿ ₹40. ನಲವತ್ತು ಕೊಟ್ಟರೆ ಹತ್ತರಲ್ಲಿ ಒಂಬತ್ತು ಜನ ಒಪ್ಪುತ್ತಾರೆ ಅಂತಿಟ್ಟುಕೋ. ಅರವತ್ತರಲ್ಲಿ ಹತ್ತಕ್ಕೆ ಒಂಬತ್ತು ಪಾಲು, ಸರಾಸರಿ ₹54. ಶುದ್ಧ ಜುಗ್ಗನೂ ನಲವತ್ತೇ ಕೊಡುತ್ತಾನೆ! ಸಿದ್ಧಾಂತಕ್ಕೆ ಪೆಟ್ಟು ಕೊಡುವವನು ನಿನ್ನ ರೂಮ್‌ಮೇಟ್. ಅವನು ತನ್ನ ಜೇಬಿನಿಂದ ಹತ್ತು ರೂಪಾಯಿ ಕಳೆದುಕೊಂಡು ‘ಇದು ಸರಿಯಲ್ಲ’ ಅಂದ.

ಹೊಸನಗರ ಟು ಬೆಂಗಳೂರು

ಎರಡು ಸರಳ ವಿವರಣೆ ಇದೆ, ನ್ಯಾಯ ಗೀಯ ಏನೂ ಬೇಡ.

ಮೊದಲನೆಯದು ಮರ್ಯಾದೆ. ಹಾಸ್ಟೆಲಿನಲ್ಲಿ ಹತ್ತು ರೂಪಾಯಿಗೆ ಕೈ ಚಾಚಿದರೆ ವರ್ಷವಿಡೀ ಆಡಿಕೊಳ್ಳುತ್ತಾರೆ. ನಾಳೆ ಎಲ್ಲರೂ ಅವನಿಗೆ ಹತ್ತೇ ಕೊಡುತ್ತಾರೆ. ಹಾಗಾಗಿ ಬೇಡ ಅನ್ನುವುದು ದೂರದ ಲೆಕ್ಕ, ಅದೂ ಸ್ವಾರ್ಥವೇ. ಎರಡನೆಯದು ಮೊತ್ತ. ಹತ್ತು ರೂಪಾಯಿ ಯಾವ ಲೆಕ್ಕ? ಒಂದು ಕಾಫಿಯೂ ಬರುವುದಿಲ್ಲ. ಹತ್ತು ಸಾವಿರ ಇಟ್ಟು ನೋಡಿ, ನ್ಯಾಯ ಎಲ್ಲಿ ಹೋಗುತ್ತದೆ ನೋಡೋಣ.

ಮಂಜುಳಾ, ಕೊಪ್ಪ

ಹಾಸ್ಟೆಲಿನ ಮಟ್ಟಿಗೆ ಮೊದಲನೆಯದು ಸರಿ ಇರಬಹುದು. ಪ್ರಯೋಗ ಮಾಡುವವರಿಗೂ ಈ ಅನುಮಾನ ಬಂದಿತ್ತು. ಅದಕ್ಕೇ ಯಾರ ಜೊತೆ ಆಡುತ್ತಿದ್ದೀರಿ ಅಂತ ಇಬ್ಬರಿಗೂ ಗೊತ್ತಾಗದಂತೆ ಮಾಡುತ್ತಾರೆ. ಚೀಟಿಯೋ ಕಂಪ್ಯೂಟರೋ ಮಧ್ಯೆ ಇರುತ್ತದೆ. ಅದೇ ಜೋಡಿ ಮತ್ತೆ ಬರುವುದಿಲ್ಲ ಅಂತ ಮೊದಲೇ ಹೇಳುತ್ತಾರೆ. ಆಗಲೂ ಬೇಡ ಅನ್ನುವವರು ಇದ್ದೇ ಇರುತ್ತಾರೆ. ‘ಆದರೂ ಅಭ್ಯಾಸಬಲ’ ಅಂತ ನೀವು ವಾದ ಮಾಡಬಹುದು. ಇರಬಹುದು. ಆದರೆ ಅಭ್ಯಾಸಬಲಕ್ಕೆ ದುಡ್ಡು ಬಿಡುವವನನ್ನು ಲೆಕ್ಕ ಹಾಕಿ ಆರಿಸುವವನು ಅನ್ನಲು ಆಗುತ್ತದಾ?

ಎರಡನೆಯದರಲ್ಲಿ ನಿಮ್ಮ ಮಾತಿಗೆ ತೂಕ ಇದೆ. ನಮ್ಮ ದೇಶದಲ್ಲೇ, ಈಶಾನ್ಯದ ಹಳ್ಳಿಗಳಲ್ಲಿ ಇದನ್ನು ಮಾಡಿದ್ದಾರೆ. 2011ರಲ್ಲಿ ಪ್ರಕಟವಾಯಿತು. ಹಂಚಬೇಕಾದ ಮೊತ್ತ ಕೆಲವರಿಗೆ ₹20, ಕೆಲವರಿಗೆ ₹200, ₹2,000, ಇನ್ನು ಕೆಲವರಿಗೆ ₹20,000. ಅಲ್ಲಿನ ಕೂಲಿ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಅಂದರೆ ತಿಂಗಳುಗಟ್ಟಲೆ ದುಡಿಮೆ. ಜನ ತಾವಾಗಿ ತೀರಾ ಕಮ್ಮಿ ಕೊಡುವುದಿಲ್ಲವಲ್ಲ. ಅದಕ್ಕೆ ಕಮ್ಮಿ ಕೊಟ್ಟರೆ ಲಾಭ ಅಂತ ಕೊಡುವವರಿಗೆ ಹೊಳೆಯುವಂತೆ ಸೂಚನೆ ಬರೆದಿದ್ದರು. ಇಲ್ಲದಿದ್ದರೆ ಕಮ್ಮಿ ಪಾಲಿಗೆ ಜನ ಏನು ಮಾಡುತ್ತಾರೆ ಅಂತ ನೋಡುವುದಕ್ಕೇ ಸಿಗುತ್ತಿರಲಿಲ್ಲ. ಸಣ್ಣ ಮೊತ್ತದಲ್ಲಿ ಬೇಡ ಅನ್ನುವವರು ಸಾಕಷ್ಟಿದ್ದರು. ಇಪ್ಪತ್ತು ಸಾವಿರಕ್ಕೆ ಬಂದಾಗ ಬಹುತೇಕ ಯಾರೂ ಬೇಡ ಅನ್ನಲಿಲ್ಲ.

ಆದರೆ ಇದರಿಂದ ‘ನ್ಯಾಯ ಸುಳ್ಳು’ ಅಂತ ಆಗುವುದಿಲ್ಲ. ಇಪ್ಪತ್ತು ಸಾವಿರದಲ್ಲಿ ಹತ್ತು ಪರ್ಸೆಂಟ್ ಅಂದರೆ ಎರಡು ಸಾವಿರ. ಅದನ್ನು ಬಿಡುವುದಕ್ಕೆ ಬೆಲೆ ಜಾಸ್ತಿ. ಬೆಲೆ ಏರಿದಾಗ ಜನ ಕಮ್ಮಿ ಕೊಳ್ಳುತ್ತಾರೆ, ಅಡಿಕೆ ಆಗಲಿ ನ್ಯಾಯ ಆಗಲಿ. ಕೊಳ್ಳುವುದು ಕಮ್ಮಿ ಆಯಿತು ಅಂದರೆ ಅದು ಬೇಕಾಗಿಯೇ ಇರಲಿಲ್ಲ ಅಂತಲ್ಲ. ಪುಸ್ತಕದ ಸ್ವಾರ್ಥಿ ಎರಡು ರೂಪಾಯಿಯನ್ನೂ ಬಿಡುವವನಲ್ಲ.

ಹೊಸನಗರ ಟು ಬೆಂಗಳೂರು

ಅಂದರೆ ಅರ್ಧ ಒಪ್ಪಿದಿರಿ. ಸಾಕು. 🙂 ಕೊಡುವವನ ಒಳ್ಳೆಯತನ ಹೆದರಿಕೆ ಅಂತಲೂ ನೀವೇ ಹೇಳಿದಿರಿ.

ಮಂಜುಳಾ, ಕೊಪ್ಪ

ಬಹುಪಾಲು ಹೆದರಿಕೆ, ಪೂರ್ತಿ ಅಲ್ಲ. ಎರಡನೆಯವನ ‘ಬೇಡ’ವನ್ನೇ ತೆಗೆದುಹಾಕಿ ಆಡಿಸಿದ್ದಾರೆ. ಕೊಟ್ಟದ್ದನ್ನು ತಗೋಬೇಕು, ಅಷ್ಟೇ. ಅದಕ್ಕೆ ಸರ್ವಾಧಿಕಾರಿ ಆಟ ಅನ್ನುತ್ತಾರೆ. ಫೋರ್ಸೈಥ್ ಮತ್ತು ಜೊತೆಗಾರರು 1994ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ಬೇಡ’ದ ಹೆದರಿಕೆ ಹೋದ ಕೂಡಲೇ ಕೊಡುವುದು ಚೆನ್ನಾಗಿ ಇಳಿಯಿತು. ಆದರೆ ಎಲ್ಲರೂ ಸೊನ್ನೆಗೆ ಇಳಿಯಲಿಲ್ಲ.

ಗಣಿತದ ಮೇಷ್ಟ್ರು

ತುಂಗಾತೀರ, ‘ಬೇಡ’ ಅಂದವನನ್ನು ಲೆಕ್ಕದೊಳಗೆ ತರುವ ದಾರಿಯೂ ಇದೆ. 1999ರಲ್ಲಿ ಅರ್ನ್ಸ್ಟ್ ಫೆರ್ ಮತ್ತು ಕ್ಲೌಸ್ ಸ್ಮಿಟ್ ಮಾಡಿದ್ದು. ನಾನು ಸ್ವಲ್ಪ ಸುಲಭ ಮಾಡಿ ಹೇಳುತ್ತೇನೆ.

ನನಗೆ ಆಗುವ ಸಮಾಧಾನ ಅಂದರೆ ನನಗೆ ಬಂದ ದುಡ್ಡು. ಅದರಿಂದ ಒಂದು ಪಾಲು ಕಳೆಯಬೇಕು. ಅವನಿಗೆ ನನಗಿಂತ ಎಷ್ಟು ಜಾಸ್ತಿ ಬಂತೋ ಆ ವ್ಯತ್ಯಾಸದ ಒಂದು ಪಾಲು. ಅದು ಎಷ್ಟು ಅನ್ನುವುದು ಅವರವರ ಸ್ವಭಾವ. ನಿನ್ನ ರೂಮ್‌ಮೇಟ್‌ಗೆ ಅದು ಅರ್ಧ ಅಂತ ಇಡು. ಎಂಬತ್ತು-ಇಪ್ಪತ್ತು ಹಂಚಿಕೆ ಬಂತು. ವ್ಯತ್ಯಾಸ 60, ಅದರ ಅರ್ಧ 30. ಇಪ್ಪತ್ತರಿಂದ ಮೂವತ್ತು ಕಳೆದರೆ ಮೈನಸ್ 10. ‘ಬೇಡ’ ಅಂದರೆ ಸೊನ್ನೆ. ಮೈನಸ್ ಹತ್ತಕ್ಕಿಂತ ಸೊನ್ನೆ ಮೇಲು, ಬೇಡ ಅನ್ನುತ್ತಾನೆ. ಎಪ್ಪತ್ತು-ಮೂವತ್ತು ಬಂದರೆ ವ್ಯತ್ಯಾಸ 40, ಅರ್ಧ 20. ಮೂವತ್ತರಲ್ಲಿ ಇಪ್ಪತ್ತು ಕಳೆದರೆ 10 ಉಳಿಯುತ್ತದೆ, ತಗೊಳ್ಳುತ್ತಾನೆ. ಇವನ ಗಡಿ ಇಪ್ಪತ್ತೈದು ರೂಪಾಯಿ, ಬೇಕಾದರೆ ಹಾಕಿ ನೋಡು. ಆ ಪಾಲು ಸೊನ್ನೆ ಆದವನು ನಿಮ್ಮ ಪುಸ್ತಕದ ಮನುಷ್ಯ.

ಹಾಗಾಗಿ ನಿನ್ನ ರೂಮ್‌ಮೇಟ್‌ಗೆ ಲೆಕ್ಕ ಬರುತ್ತದೆ. ಅವನ ಲೆಕ್ಕದಲ್ಲಿ ಇನ್ನೊಂದು ಸಾಲು ಇದೆ, ಅಷ್ಟೇ. ಇದರಿಂದ ಸಮಸ್ಯೆ ಮುಗಿಯಿತು ಅಂತ ನನ್ನ ಅಭಿಪ್ರಾಯ.

ಮಂಜುಳಾ, ಕೊಪ್ಪ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಮುಗಿಯಿತು ಅನ್ನಬೇಡಿ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಪ್ರಯೋಗ ನಿಮ್ಮ ಲೆಕ್ಕವನ್ನೇ ಅಲುಗಾಡಿಸುತ್ತದೆ. ಮಾಡಿದವರಲ್ಲಿ ಅದೇ ಫೆರ್ ಕೂಡ ಇದ್ದಾರೆ. ಆರ್ಮಿನ್ ಫಾಲ್ಕ್ ಮತ್ತು ಉರ್ಸ್ ಫಿಶ್‌ಬಾಕರ್ ಜೊತೆ ಸೇರಿ 2003ರಲ್ಲಿ ಪ್ರಕಟಿಸಿದ್ದು.

ಹಂಚುವುದು ಹತ್ತು ಪಾಯಿಂಟ್, ಆಮೇಲೆ ಅದಕ್ಕೆ ದುಡ್ಡು ಕೊಡುತ್ತಾರೆ. ಕೊಡುವವನಿಗೆ ಮನಸ್ಸಿಗೆ ಬಂದಷ್ಟು ಹೇಳುವ ಸ್ವಾತಂತ್ರ್ಯ ಇಲ್ಲ, ಎರಡೇ ದಾರಿ. ಅದರಲ್ಲಿ ಒಂದು ದಾರಿ ಯಾವಾಗಲೂ ಒಂದೇ: ‘ನನಗೆ ಎಂಟು, ನಿನಗೆ ಎರಡು’. ಇನ್ನೊಂದು ದಾರಿಯನ್ನು ಮಾತ್ರ ಬದಲಾಯಿಸುತ್ತಾ ಹೋಗುತ್ತಾರೆ. ಹೀಗೆ ನಾಲ್ಕು ಆಟ. ಇನ್ನೊಂದು ದಾರಿ ಯಾವುದಿತ್ತು ಅನ್ನುವುದು ಎರಡನೆಯವನಿಗೂ ಗೊತ್ತಿರುತ್ತದೆ.

ಮೊದಲ ಆಟದಲ್ಲಿ ಇನ್ನೊಂದು ದಾರಿ ಐದು-ಐದು. ಸಮವಾಗಿ ಹಂಚಬಹುದಿತ್ತು, ಆದರೂ ಎಂಟು ತಾನಿಟ್ಟುಕೊಂಡ. ಆಗ 44 ಪರ್ಸೆಂಟ್ ಜನ ಬೇಡ ಅಂದರು.

ಎರಡನೆಯದರಲ್ಲಿ ಇನ್ನೊಂದು ದಾರಿ ‘ನನಗೆ ಎರಡು, ನಿನಗೆ ಎಂಟು’. ಅಂದರೆ ಇನ್ನೊಬ್ಬನಿಗೆ ಒಳ್ಳೆಯದು ಮಾಡಬೇಕಿದ್ದರೆ ತನ್ನ ಕುತ್ತಿಗೆಯನ್ನೇ ಕೊಡಬೇಕಿತ್ತು. ಅದನ್ನು ಯಾರಿಂದ ಬಯಸುವುದು? ಬೇಡ ಅಂದವರು 27 ಪರ್ಸೆಂಟ್‌ಗೆ ಇಳಿದರು.

ಮೂರನೆಯದರಲ್ಲಿ ಎರಡೂ ದಾರಿ ಎಂಟು-ಎರಡೇ. ಆಯ್ಕೆಯೇ ಇಲ್ಲ. ಬೇಡ ಅಂದವರು 18 ಪರ್ಸೆಂಟ್. ನಾಲ್ಕನೆಯದರಲ್ಲಿ ಇನ್ನೊಂದು ದಾರಿ ‘ಹತ್ತೂ ನನಗೆ, ನಿನಗೆ ಸೊನ್ನೆ’. ಇಲ್ಲಿ ಎಂಟು-ಎರಡು ಅನ್ನುವುದೇ ದೊಡ್ಡ ಮನಸ್ಸು. 9 ಪರ್ಸೆಂಟ್ ಮಾತ್ರ ಬೇಡ ಅಂದರು.

ಈಗ ಮೇಷ್ಟ್ರ ಲೆಕ್ಕಕ್ಕೆ ಹಾಕಿ. ನಾಲ್ಕರಲ್ಲೂ ನನಗೆ ಎರಡು, ಅವನಿಗೆ ಎಂಟು, ವ್ಯತ್ಯಾಸ ಆರು. ಕಳೆಯುವ ಪಾಲೂ ಅದೇ ಮನುಷ್ಯನದು. ಉತ್ತರ ನಾಲ್ಕರಲ್ಲೂ ಒಂದೇ ಬರಬೇಕು. ಬರಲಿಲ್ಲ. ಕೈಗೆ ಬಂದ ದುಡ್ಡು ಒಂದೇ, ಪಕ್ಕದವನ ದುಡ್ಡೂ ಒಂದೇ. ಅವನು ಬಿಟ್ಟ ದಾರಿ ಯಾವುದು ಅನ್ನುವುದರ ಮೇಲೆ 44 ಇದ್ದದ್ದು 9ಕ್ಕೆ ಬಂತು. ಜನ ಹಂಚಿಕೆಯನ್ನು ಮಾತ್ರ ನೋಡುತ್ತಿಲ್ಲ, ಹಂಚಿದವನ ಮನಸ್ಸನ್ನು ನೋಡುತ್ತಿದ್ದಾರೆ.

ಗಣಿತದ ಮೇಷ್ಟ್ರು

ಮೂರನೆಯದರಲ್ಲಿ 18 ಉಳಿಯಿತಲ್ಲ? ಅಲ್ಲಿ ಮನಸ್ಸಿನ ಪ್ರಶ್ನೆಯೇ ಇಲ್ಲ, ಕೊಡುವವನ ಕೈ ಕಟ್ಟಿದೆ. ಅವರು ಬರೀ ವ್ಯತ್ಯಾಸಕ್ಕೇ ಬೇಡ ಅಂದರು. ಹಾಗಾದರೆ ನನ್ನ ಲೆಕ್ಕ ಸತ್ತಿಲ್ಲ, ಅದು ಪೂರ್ತಿ ಅಲ್ಲ ಅಷ್ಟೇ.

ಮಂಜುಳಾ, ಕೊಪ್ಪ

ಸರಿಯಾಗಿ ಹಿಡಿದಿರಿ. ಆ 18 ನಿಮ್ಮದು. ಅಲ್ಲಿಂದ 44ರ ತನಕದ ಏರಿಕೆ ನಿಮ್ಮದಲ್ಲ. ನಾಲ್ಕನೆಯದರಲ್ಲಿ 18ಕ್ಕಿಂತಲೂ ಕೆಳಗೆ ಹೋಗಿದ್ದೂ ನಿಮ್ಮದಲ್ಲ.

ಶಾರದಕ್ಕ, ಸಾಗರ

ನನಗೆ ಪರ್ಸೆಂಟ್ ಎಲ್ಲ ಅರ್ಥ ಆಗುವುದಿಲ್ಲ. ಆದರೆ ಮಂಜುಳಾ ಹೇಳಿದ್ದು ಓದಿ ನಮ್ಮ ಅಂಗಳದ್ದೇ ಕತೆ ಅನ್ನಿಸಿತು.

ನಮ್ಮಲ್ಲಿ ಅಡಿಕೆ ಸುಲಿಯಲು ಸುತ್ತಮುತ್ತಲಿನ ಹೆಂಗಸರೇ ಬರುವುದು. ಸುಲಿದ ಲೆಕ್ಕಕ್ಕೆ ಕೂಲಿ. ಒಂದು ವರ್ಷ ಮಳೆ ಬಿಡಲೇ ಇಲ್ಲ, ಕೊಳೆ ಬಂದು ಉದುರಿದ್ದೇ ಉದುರಿದ್ದು. ಮರದಲ್ಲಿ ಕೊನೆಗಿಂತ ಖಾಲಿ ಜಾಗ ಜಾಸ್ತಿ. ಯಜಮಾನರು ‘ಈ ವರ್ಷ ಕೂಲಿ ಏರಿಸಲು ಆಗುವುದಿಲ್ಲ’ ಅಂದರು. ಯಾರೂ ಒಂದು ಮಾತು ಆಡಲಿಲ್ಲ. ಮೆಟ್ಟುಗತ್ತಿ ಹಿಡಿದು ಬಂದು ಕೂತರು. ರಾತ್ರಿ ಹನ್ನೊಂದರ ತನಕ ಸುಲಿದುಕೊಟ್ಟರು.

ಮುಂದೊಂದು ವರ್ಷ ಬೆಳೆಯೂ ಬಂತು, ಮಂಡಿಯಲ್ಲಿ ರೇಟೂ ಏರಿತು. ಆಗ ಪಕ್ಕದ ತೋಟದವರು ಅದೇ ಹಳೆ ಕೂಲಿ ಹೇಳಿದರು. ಅವತ್ತು ಅದೇ ಹೆಂಗಸರು ಎದ್ದು ಹೋದರು. ಬೇರೆ ಕಡೆ ಕೆಲಸ ಇತ್ತಾ ಅಂದರೆ ಆ ವಾರ ಇರಲಿಲ್ಲ, ಮನೆಯಲ್ಲೇ ಕೂತಿದ್ದರು. ಕೊನೆ ಅಂಗಳದಲ್ಲೇ ಬಿದ್ದು ಹಣ್ಣಾಯಿತು. ಅವರಲ್ಲೊಬ್ಬಳನ್ನು ಕೇಳಿದರೆ ‘ಅಕ್ಕ, ಇಲ್ಲದಾಗ ಕೊಡದಿದ್ದರೆ ಬೇರೆ, ಇದ್ದೂ ಕೊಡದಿದ್ದರೆ ಬೇರೆ’ ಅಂದಳು. ಕೂಲಿ ಎರಡು ಸಲವೂ ಒಂದೇ ಮಾರಾಯ್ರೇ!

ತುಂಗಾತೀರ (ಶಿವಮೊಗ್ಗ)

ಶಾರದಕ್ಕ, ಇದನ್ನು ಉತ್ತರ ಪತ್ರಿಕೆಯಲ್ಲಿ ಬರೆಯಲಾ? ಆ 44 ಮತ್ತು 18ರ ಮಧ್ಯದ ವ್ಯತ್ಯಾಸ ಇದೇ ಅಲ್ವಾ.

ಹೊಸನಗರ ಟು ಬೆಂಗಳೂರು

ಬರೆಯಬೇಡ. ಅಕ್ಕ ಹೇಳಿದ್ದು ಒಂದೇ ಸಲದ ಆಟ ಅಲ್ಲ. ಆ ಹೆಂಗಸರು ಮುಂದಿನ ವರ್ಷವೂ ಅದೇ ತೋಟಕ್ಕೆ ಹೋಗಬೇಕು. ಈ ವರ್ಷ ಎದ್ದು ಹೋದರೆ ಮುಂದಿನ ವರ್ಷ ಕೂಲಿ ಏರುತ್ತದೆ. ಕೊಳೆ ವರ್ಷದಲ್ಲಿ ಎದ್ದು ಹೋದರೆ ಏನೂ ಏರುವುದಿಲ್ಲ, ಯಜಮಾನರ ಹತ್ತಿರ ಇದ್ದರೆ ತಾನೇ. ಬರೀ ಸ್ವಾರ್ಥದಿಂದಲೂ ಹಾಗೇ ನಡೆಯುತ್ತಿತ್ತು. ಈ ಸಲವಾದರೂ ನಾನು ಪೂರ್ತಿ ಸರಿಯಾ ಮಂಜುಳಾ ಅವರೇ?

ಮಂಜುಳಾ, ಕೊಪ್ಪ

ಈ ಸಲ ಪೂರ್ತಿ ಸರಿ. ಅಂಗಳದಲ್ಲಿ ನಿಂತು ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಆ ಹೆಂಗಸಿನ ಮಾತು ನಿಜವೇ ಇರಬಹುದು, ಆದರೆ ಅದರ ಹಿಂದೆ ಮುಂದಿನ ವರ್ಷದ ಲೆಕ್ಕವೂ ಇರಬಹುದು. ಅವಳಿಗೇ ಗೊತ್ತಿಲ್ಲದಿರಬಹುದು. ಅದಕ್ಕೇ ಲ್ಯಾಬಿನೊಳಗೆ ಮುಂದಿನ ವರ್ಷವನ್ನು ಕತ್ತರಿಸಿ ಹಾಕಿ ನೋಡುವುದು. ಕತ್ತರಿಸಿದ ಮೇಲೂ 44 ಮತ್ತು 9 ಬೇರೆ ಬೇರೆಯಾಗಿ ನಿಂತವು. ತುಂಗಾತೀರ, ಅಕ್ಕನ ಕತೆಯನ್ನು ಉದಾಹರಣೆ ಅಂತ ಬರೆ, ಪುರಾವೆ ಅಂತ ಬರೆಯಬೇಡ.

ಶಾರದಕ್ಕ, ಸಾಗರ

ಪುರಾವೆ ಬೇಕಿದ್ದರೆ ನೀವೇ ಒಂದು ದಿನ ಬಂದು ಸುಲಿಯಲು ಕೂತು ನೋಡಿ. ಊಟ ಹಾಕುತ್ತೇನೆ.

ರಾಶಿ ಇಡಿ (ತೀರ್ಥಹಳ್ಳಿ)

ಚೌಕಾಸಿ ಅಲ್ಲ ಅಂದಿರಿ, ಸರಿ. ಆದರೆ ಒಂದು ಕೇಳುತ್ತೇನೆ. ಆ ನೂರು ರೂಪಾಯಿ ಯಾರದ್ದು? ಆಕಾಶದಿಂದ ಬಿದ್ದ ದುಡ್ಡು. ಹಾಗಾದಾಗ ಅರ್ಧ ಕೇಳುವುದು ಸಹಜ. ನನ್ನ ತೋಟದಲ್ಲಿ ನಾನು ಗೊಬ್ಬರ ಹಾಕಿ, ಬೋರ್ಡೋ ಹೊಡೆಸಿ, ಬೆಳೆದದ್ದರಲ್ಲಿ ಎಂಬತ್ತು ನಾನಿಟ್ಟುಕೊಂಡರೆ ಯಾರು ಅನ್ಯಾಯ ಅನ್ನುತ್ತಾರೆ?

ಮಂಜುಳಾ, ಕೊಪ್ಪ

ಇದು ಇಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ, ನಿಜವಾಗಿ. 1994ರಲ್ಲಿ ಎಲಿಜಬೆತ್ ಹಾಫ್‌ಮನ್, ಕೆವಿನ್ ಮೆಕೇಬ್, ವರ್ನನ್ ಸ್ಮಿತ್ ಮತ್ತು ಜೊತೆಗಾರರು ಇದನ್ನೇ ಕೇಳಿದರು. ಸ್ಮಿತ್‌ಗೆ ಆಮೇಲೆ 2002ರಲ್ಲಿ ನೊಬೆಲ್ ಬಂತು. ಹಂಚುವವನು ಯಾರು ಅಂತ ಚೀಟಿ ಎತ್ತುವ ಬದಲು ಮೊದಲು ಒಂದು ಕ್ವಿಜ್ ಇಟ್ಟರು. ಗೆದ್ದವನು ಹಂಚುವ ಹಕ್ಕು ಸಂಪಾದಿಸಿದ ಅಂತ ಇಬ್ಬರಿಗೂ ಹೇಳಿದರು. ಆಗ ಗೆದ್ದವರು ಕಮ್ಮಿ ಕೊಟ್ಟರು. ಕಮ್ಮಿ ಕೊಟ್ಟರೂ ಬೇಡ ಅನ್ನುವವರು ಜಾಸ್ತಿ ಆಗಲಿಲ್ಲ. ದುಡಿದವನಿಗೆ ಜಾಸ್ತಿ ಸಲ್ಲಬೇಕು ಅನ್ನುವುದನ್ನು ಎರಡನೆಯವರೂ ಒಪ್ಪಿದರು ಅಂತ ಕಾಣುತ್ತದೆ.

ಆದ್ದರಿಂದ ನ್ಯಾಯ ಅಂದರೆ ಯಾವಾಗಲೂ ಅರ್ಧ-ಅರ್ಧ ಅಂತ ಅಲ್ಲ. ನೀವು ಎಂಬತ್ತು ಇಟ್ಟುಕೊಂಡಾಗ ಕೂಲಿಯವರು ಅದನ್ನು ಲೆಕ್ಕಕ್ಕೆ ತಗೊಂಡೇ ತಗೊಳ್ಳುತ್ತಾರೆ. ಎಷ್ಟರ ತನಕ ಅನ್ನುವುದು ಮಾತ್ರ ಜಗಳ.

ರಾಶಿ ಇಡಿ (ತೀರ್ಥಹಳ್ಳಿ)

ಅಷ್ಟು ಸಾಕು. ಈ ಮಾತನ್ನು ಮನೆಯಲ್ಲಿ ತಮ್ಮನಿಗೆ ತೋರಿಸುತ್ತೇನೆ. ಪಾಲಿನ ವಿಷಯದಲ್ಲಿ ಅವನು ಅರ್ಧದಿಂದ ಕೆಳಗೆ ಇಳಿಯುತ್ತಿಲ್ಲ, ಗೊಬ್ಬರ ಹೊತ್ತದ್ದು ನಾನು.

ಗಣಿತದ ಮೇಷ್ಟ್ರು

ತಮ್ಮನೂ ಈ ಚರ್ಚೆ ಓದುತ್ತಿರಬಹುದು, ಜೋಕೆ.

ಕಾಡುಮಲ್ಲಿಗೆ

ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ‘ಜನ’ ಅಂತ ಒಟ್ಟಾಗಿ ಮಾತಾಡಬೇಡಿ. ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು 15 ಸಣ್ಣ ಸಮುದಾಯಗಳಲ್ಲಿ ಈ ಆಟ ಆಡಿಸಿದರು, 2001ರಲ್ಲಿ ಪ್ರಕಟವಾಯಿತು. ಪೆರುವಿನ ಮಚಿಗೆಂಗ ಜನ ಸರಾಸರಿ 26 ಪರ್ಸೆಂಟ್ ಕೊಟ್ಟರು, ಬೇಡ ಅನ್ನುವವರೇ ಇಲ್ಲ ಅನ್ನುವಷ್ಟು ಕಮ್ಮಿ. ಅವರು ಹೆಚ್ಚಾಗಿ ಮನೆಮನೆಯೇ ದುಡಿದು ಉಣ್ಣುವವರು, ಹೊರಗಿನವರ ಜೊತೆ ಸೇರಿ ಮಾಡುವ ಕೆಲಸ ಕಮ್ಮಿ. ಇಂಡೋನೇಷ್ಯಾದ ಲಮಲೆರಾದವರು ದೋಣಿ ಕಟ್ಟಿಕೊಂಡು ಒಟ್ಟಿಗೆ ತಿಮಿಂಗಿಲ ಹಿಡಿದು ಪಾಲು ಹಾಕುವವರು. ಅವರು ಅರ್ಧಕ್ಕಿಂತಲೂ ಜಾಸ್ತಿ ಕೊಟ್ಟರು, ಸರಾಸರಿ 58.

ಪಪುವಾ ನ್ಯೂಗಿನಿಯ ಔ ಮತ್ತು ಗ್ನೌ ಜನರಲ್ಲಿ ಇನ್ನೂ ಮಜಾ. ಅರ್ಧಕ್ಕಿಂತ ಜಾಸ್ತಿ ಕೊಟ್ಟರೂ ಕೆಲವರು ಬೇಡ ಅಂದರು! ಅಲ್ಲಿ ದೊಡ್ಡ ಉಡುಗೊರೆ ತಗೊಂಡರೆ ಕೊಟ್ಟವನಿಗೆ ತಲೆ ಬಾಗಬೇಕು, ಅವನು ಕೇಳಿದಾಗ ತೀರಿಸಬೇಕು. ಹಂಗು ಯಾಕೆ ಅಂತ ಬಿಟ್ಟರು. ನಮ್ಮ ಕಡೆಯೂ ಮದುವೆ ಮುಯ್ಯಿ ಅತಿ ದೊಡ್ಡದು ಬಂದರೆ ಮನೆಯವರ ಮುಖ ನೋಡಬೇಕು. ಇಂಥ ಊರುಗಳಲ್ಲಿ ಎಲ್ಲೂ ಪುಸ್ತಕದ ಸ್ವಾರ್ಥಿ ಸಿಗಲಿಲ್ಲ, ಆದರೆ ಸಿಕ್ಕ ಮನುಷ್ಯ ಎಲ್ಲ ಕಡೆ ಒಬ್ಬನೇ ಅಲ್ಲ.

ತುಂಗಾತೀರ (ಶಿವಮೊಗ್ಗ)

ತಲೆ ಗಿರ್ ಅನ್ನುತ್ತಿದೆ, ಆದರೆ ಖುಷಿಯಾಗುತ್ತಿದೆ. ಹಾಗಾದರೆ ‘ಮನುಷ್ಯ ವಿವೇಕಿ ಅಲ್ಲ ಅಂತ ಈ ಆಟ ತೋರಿಸುತ್ತದೆ’ ಅಂತ ಬರೆಯಲಾ?

ಮಂಜುಳಾ, ಕೊಪ್ಪ

ಬೇಡ! ಹಾಗೆ ಬರೆದವರಿಗೆ ನಾನಾದರೆ ಅರ್ಧ ಅಂಕ ಕಳೆಯುತ್ತೇನೆ. ಸಿದ್ಧಾಂತದಲ್ಲಿ ಎರಡು ಬೇರೆ ಮಾತುಗಳಿವೆ. ಒಂದು, ಮನುಷ್ಯ ತನಗೆ ಏನು ಬೇಕೋ ಅದನ್ನು ಗೊಂದಲ ಇಲ್ಲದೆ ಆರಿಸುತ್ತಾನೆ ಅನ್ನುವುದು. ಇನ್ನೊಂದು, ಅವನಿಗೆ ಬೇಕಾಗಿರುವುದು ತನ್ನ ದುಡ್ಡು ಮಾತ್ರ ಅನ್ನುವುದು. ನಿನ್ನ ರೂಮ್‌ಮೇಟ್ ಪ್ರತಿ ಸಲವೂ ಇಪ್ಪತ್ತೈದಕ್ಕಿಂತ ಕೆಳಗಿನದ್ದಕ್ಕೆ ಬೇಡ, ಮೇಲಿನದ್ದಕ್ಕೆ ಆಯ್ತು ಅಂದರೆ ಅವನಲ್ಲಿ ಗೊಂದಲ ಏನಿದೆ? ಮೇಷ್ಟ್ರು ಅವನ ಲೆಕ್ಕ ಬರೆದೇ ತೋರಿಸಿದರು. ಪೆಟ್ಟು ಬಿದ್ದದ್ದು ಎರಡನೆಯ ಮಾತಿಗೆ.

ಆದರೆ ಫಾಲ್ಕ್ ಅವರ ನಾಲ್ಕು ಆಟ ಮೊದಲನೆಯ ಮಾತಿಗೂ ಸ್ವಲ್ಪ ತೊಂದರೆ ಕೊಡುತ್ತದೆ. ಏನು ಸಿಕ್ಕಿತು ಅನ್ನುವುದರ ಮೇಲೆ ಮಾತ್ರ ಮನುಷ್ಯ ಆರಿಸುತ್ತಾನೆ ಅಂತ ಇಟ್ಟುಕೊಂಡ ಯಾವ ಲೆಕ್ಕಕ್ಕೂ ಅದು ಹೊಂದುವುದಿಲ್ಲ. ಸಿಗದೇ ಹೋದ ದಾರಿಯನ್ನೂ ಲೆಕ್ಕದೊಳಗೆ ತರಬೇಕು. ಮ್ಯಾಥ್ಯೂ ರಾಬಿನ್ 1993ರಲ್ಲೇ ಆ ದಾರಿ ಹಿಡಿದಿದ್ದರು. ಒಳ್ಳೆಯ ಮನಸ್ಸಿಗೆ ಒಳ್ಳೆಯದು, ಕೆಟ್ಟದ್ದಕ್ಕೆ ಕೆಟ್ಟದ್ದು ಅನ್ನುವ ಲೆಕ್ಕ. ಅದರಲ್ಲಿ ಉತ್ತರ ಒಂದಕ್ಕಿಂತ ಜಾಸ್ತಿ ಬರುತ್ತದೆ, ಯಾವುದು ನಡೆಯುತ್ತದೆ ಅಂತ ಮೊದಲೇ ಹೇಳುವುದು ಕಷ್ಟ.

ಹೊಸನಗರ ಟು ಬೆಂಗಳೂರು

ನನಗೆ ಇನ್ನೂ ಒಪ್ಪಿಗೆ ಇಲ್ಲ. ‘ನ್ಯಾಯ’ ಅಂತ ಯಾಕೆ ಕರೆಯಬೇಕು? ಸಿಟ್ಟು ಅನ್ನಿ. ಕಮ್ಮಿ ಕೊಟ್ಟವನಿಗೆ ನಷ್ಟ ಮಾಡುವುದರಲ್ಲಿ ಒಂದು ಖುಷಿ ಇದೆ, ಅದನ್ನು ಹತ್ತು ರೂಪಾಯಿಗೆ ಕೊಳ್ಳುತ್ತಾನೆ.

ಮಂಜುಳಾ, ಕೊಪ್ಪ

ಅದನ್ನು ಬೇರೆ ಮಾಡಿ ನೋಡಲು ಜಪಾನಿನಲ್ಲಿ ತೊಶಿಯೊ ಯಮಗಿಶಿ ಮತ್ತು ಜೊತೆಗಾರರು ನಿಯಮವನ್ನೇ ಬದಲಾಯಿಸಿದರು, 2009. ಬೇಡ ಅಂದರೆ ಬೇಡ ಅಂದವನಿಗೆ ಮಾತ್ರ ನಷ್ಟ, ಕೊಡುವವನ ಪಾಲು ಅವನಿಗೇ ಉಳಿಯುತ್ತದೆ. ನಷ್ಟ ಮಾಡುವ ಖುಷಿ ಇಲ್ಲಿ ಸಿಗುವುದಿಲ್ಲ. ಬೇಡ ಅನ್ನುವವರು ಕಮ್ಮಿಯಾದರು. ಆದರೆ ಕಮ್ಮಿ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಸಾಕಷ್ಟು ಜನ ಬೇಡವೇ ಅಂದರು. ಬೇಡ ಅಂದ ವಿಷಯ ಕೊಡುವವನಿಗೆ ಗೊತ್ತೇ ಆಗದಂತೆ ಮಾಡಿದಾಗಲೂ ಅಂದರು. ಅವರಿಗೆ ಅದರಿಂದ ಏನು ಸಿಕ್ಕಿತು? ಯಾರಿಗೂ ತಟ್ಟದ ‘ಬೇಡ’ ಅದು. ಸಿಟ್ಟು ಅಂದರೆ ಸ್ವಲ್ಪ ಹೌದು, ಪೂರ್ತಿ ಹಾಗೆ ಅನ್ನಲು ನನಗೆ ಧೈರ್ಯ ಇಲ್ಲ.

ಹೊಸನಗರ ಟು ಬೆಂಗಳೂರು

ಸ್ವಾಭಿಮಾನ. ಅದೂ ಒಂಥರಾ ಸ್ವಾರ್ಥ.

ಗಣಿತದ ಮೇಷ್ಟ್ರು

ಏನು ಮಾಡಿದರೂ ಸ್ವಾರ್ಥ ಅನ್ನುವುದಾದರೆ ಆ ಮಾತು ಯಾವತ್ತೂ ತಪ್ಪಾಗುವುದಿಲ್ಲ. ತಪ್ಪಾಗದ ಮಾತಿನಿಂದ ನಾಳೆ ಯಾರು ಬೇಡ ಅನ್ನುತ್ತಾರೆ ಅಂತಲೂ ಗೊತ್ತಾಗುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಥ್ಯಾಂಕ್ಸ್. ಆ ನಾಲ್ಕು ಆಟವನ್ನು ನಮ್ಮ ಹಾಸ್ಟೆಲಿನಲ್ಲಿ ಮಾಡಿ ನೋಡೋಣ ಅಂತಿದ್ದೇನೆ, ಪ್ರಾಜೆಕ್ಟಿಗೂ ಆಗುತ್ತದೆ. ಮಂಜುಳಾ ಮೇಡಂ, ಏನು ನೋಡಿಕೊಳ್ಳಬೇಕು?

ಮಂಜುಳಾ, ಕೊಪ್ಪ

ಒಂದೇ ರೂಮಿನಲ್ಲಿ ಕೂರಿಸಬೇಡ. ಎರಡು ರೂಮು, ಮಧ್ಯೆ ಚೀಟಿ ಒಯ್ಯುವ ಹುಡುಗ, ಚೀಟಿಯ ಮೇಲೆ ಹೆಸರಿನ ಬದಲು ನಂಬರ್. ದುಡ್ಡು ನಿಜವಾದದ್ದೇ ಇರಲಿ. ‘ಇದ್ದಿದ್ದರೆ ಏನು ಮಾಡುತ್ತಿದ್ದೆ’ ಅಂತ ಕೇಳಿದರೆ ಎಲ್ಲರೂ ವೀರರು.

ಇನ್ನೊಂದು ತೊಂದರೆ ಬರುತ್ತದೆ. ಕೊಡುವವರಲ್ಲಿ ತುಂಬಾ ಜನ ಐದು-ಐದನ್ನೇ ಆರಿಸಿದರೆ ಎಂಟು-ಎರಡಕ್ಕೆ ಉತ್ತರವೇ ಸಿಗುವುದಿಲ್ಲ. ಅದಕ್ಕೆ ಎರಡನೆಯವರಿಂದ ಮೊದಲೇ ಬರೆಸಿಕೋ: ‘ಎಂಟು-ಎರಡು ಬಂದರೆ ಏನನ್ನುತ್ತೀ, ಐದು-ಐದು ಬಂದರೆ ಏನನ್ನುತ್ತೀ’. ಆಮೇಲೆ ಬಂದದ್ದಕ್ಕೆ ತಕ್ಕಂತೆ ದುಡ್ಡು ಕೊಡು. ಫಾಲ್ಕ್ ಅವರೂ ಹಾಗೇ ಮಾಡಿದ್ದು. ನಾಲ್ಕೂ ಆಟ ಮುಗಿಯುವ ತನಕ ಯಾರಿಗೂ ಫಲಿತಾಂಶ ಹೇಳಬೇಡ, ಒಂದರ ಸಿಟ್ಟು ಇನ್ನೊಂದಕ್ಕೆ ಹೋಗುತ್ತದೆ.

ಶುರು ಮಾಡುವ ಮುಂಚೆ ಪ್ರತಿಯೊಬ್ಬನಿಗೂ ಒಂದು ಸಣ್ಣ ಪ್ರಶ್ನೆ ಕೊಡು: ‘ಎಂಟು-ಎರಡು ಬಂತು, ನೀನು ಬೇಡ ಅಂದೆ, ಇಬ್ಬರಿಗೂ ಎಷ್ಟೆಷ್ಟು?’ ಸೊನ್ನೆ-ಸೊನ್ನೆ ಅಂತ ಬರೆಯದವನು ಆಟವನ್ನೇ ಅರ್ಥ ಮಾಡಿಕೊಂಡಿಲ್ಲ. ಐದು-ಐದಕ್ಕೂ ಬೇಡ ಅಂತ ಬರೆದವರು ಜಾಸ್ತಿ ಇದ್ದರೆ ಅದೂ ಅದೇ ಲಕ್ಷಣ. ಅಂಥವರ ‘ಬೇಡ’ವನ್ನು ನ್ಯಾಯದ ಲೆಕ್ಕಕ್ಕೆ ಸೇರಿಸಿಬಿಟ್ಟರೆ ನಿನ್ನ ಪ್ರಾಜೆಕ್ಟ್ ಕೆಡುತ್ತದೆ.

ರಾಶಿ ಇಡಿ (ತೀರ್ಥಹಳ್ಳಿ)

ದುಡ್ಡು ಯಾರು ಹಾಕುತ್ತಾರೆ?

ತುಂಗಾತೀರ (ಶಿವಮೊಗ್ಗ)

ನೀವು ಹಾಕುತ್ತೀರಾ ಅಂತ ಕೇಳೋಣ ಅಂತಿದ್ದೆ. ಎಂಟು ನಿಮಗೆ, ಎರಡು ನನಗೆ ಅಂದರೂ ಪರವಾಗಿಲ್ಲ.